ನಾಲ್ಕನೇ ಹಂತ

ಹಳದಿ ಬಣ್ಣದಡಿ ಏನಿದೆ ಎಂಬುದು ಆ ಹಿಟ್ಟಿನ ಗಿರಣಿಯಲ್ಲಿ ಫಿಟ್ಟರ್ ಒಬ್ಬನಿಗೇ ಗೊತ್ತಿತ್ತು. ಹನ್ನೊಂದು ವರ್ಷ ಅವನು ಅದನ್ನು ಹೆಂಡತಿಗೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಕುಂಚ ಹಿಡಿದು ಎಲಿವೇಟರಿನ ತುದಿಗೆ ಹತ್ತಿ, ಸರಪಳಿಗೆ ನೇತುಬಿದ್ದ ಕಬ್ಬಿಣದ ಪಿನ್ನಿಗೆ ಒಂದು ಕೈ ಬಣ್ಣ ಬಳಿದು ಇಳಿಯುತ್ತಿದ್ದ. "ಯಾಕಪ್ಪಾ, ಅದಕ್ಕೇನು ಮದುವೆ ಮಾಡ್ತಿದ್ದೀಯಾ?" ಎಂದು ವೆಲ್ಡರ್ ಕೆಣಕಿದರೆ, "ತುಕ್ಕು ಹಿಡೀಬಾರದು ನೋಡು" ಎಂದಷ್ಟೇ ಹೇಳುತ್ತಿದ್ದ.

ಕಾಳನ್ನು ನೆಲಮಾಳಿಗೆಯಿಂದ ಆರನೇ ಮಹಡಿಗೆ ಎತ್ತುವ ಯಂತ್ರ ಅದು. ಉದ್ದನೆಯ ಪಟ್ಟಿ, ಪಟ್ಟಿಗೆ ಸಾಲಾಗಿ ಬಕೆಟ್ಟುಗಳು. ಕರೆಂಟು ತೆಗೆದು ಬೀಗ ಹಾಕಿದರೂ, ಬಕೆಟ್ಟುಗಳಲ್ಲಿ ಕಾಳಿದ್ದರೆ ಆ ಭಾರವೇ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೇಲಿನ ಚಕ್ರಕ್ಕೆ ಪಿನ್ನು ತೂರಿದರೆ ಮಾತ್ರ ಅದು ಅಲ್ಲಾಡದೆ ನಿಲ್ಲುತ್ತದೆ. ಹನ್ನೊಂದು ವರ್ಷದ ಹಿಂದೆ, ಆರನೇ ತಿಂಗಳಲ್ಲಿ, ಕಾಳು ತುಂಬಿದ್ದ ಹಾಗೆಯೇ ಯಂತ್ರ ನಿಂತಿತ್ತು. ಫಿಟ್ಟರನ ತಮ್ಮ ಬೀಗ ಹಾಕಿದ, ಬಟನ್ ಒತ್ತಿ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡ, ಕೆಳಗಿನ ಬಾಗಿಲು ತೆಗೆದು ಕೈ ಇಟ್ಟ. ಪಟ್ಟಿ ಹಿಂದಕ್ಕೆ ಜಾರಿತು. ಬಲಗೈ ಮೊಣಕೈವರೆಗೆ ಹೋಯಿತು.

ಆಗ ಪಿನ್ನೆಂಬುದೇ ಇರಲಿಲ್ಲ. ಎರಡು ತಿಂಗಳ ಮೇಲೆ ವಿಚಾರಣೆಯವರು ಬಂದಾಗ ಮಾತ್ರ ಪಿನ್ನೂ ಇತ್ತು, ಕೆಲಸದ ಹಾಳೆಯೂ ಇತ್ತು. ಕೆಲಸಕ್ಕೆ ಮುಂಚೆ ಬರೆದಿಡಬೇಕಾದ ಹಾಳೆ ಅದು: ಮೊದಲ ಕಾಲಮಿನಲ್ಲಿ ಹಂತ, ಎರಡನೆಯದರಲ್ಲಿ ಆ ಹಂತದ ಅಪಾಯ, ಮೂರನೆಯದರಲ್ಲಿ ಅಪಾಯ ತಡೆಯಲು ಮಾಡಬೇಕಾದ್ದು. ಅದರ ನಾಲ್ಕನೇ ಹಂತ, "ಮೇಲಿನ ಚಕ್ರಕ್ಕೆ ಪಿನ್ ಹಾಕುವುದು." ಕೆಳಗೆ ಅಂದಿನ ಸೂಪರ್‌ವೈಸರನ ಸಹಿ, ಮೊದಲನೇ ತಿಂಗಳ ತಾರೀಕು. ಅಂದರೆ ಅವಘಡಕ್ಕೆ ಐದು ತಿಂಗಳ ಮುಂಚೆಯೇ ಹಂತ ಇತ್ತು, ತಮ್ಮ ಅದನ್ನು ಬಿಟ್ಟ ಎಂದಾಯಿತು. ವರದಿಯಲ್ಲಿ ಒಂದೇ ಮಾತು: "ಕಾರ್ಮಿಕನ ಉಡಾಫೆ."

ಆ ಮಾತು ಬೀದಿಗೆ ಇಳಿಯಿತು. ತಮ್ಮನಿಗೆ ಅದೇ ಹೆಸರಾಯಿತು. ಉಡಾಫೆಯ ಮನೆ, ಉಡಾಫೆಯ ಹೆಂಡತಿ. ಮಗಳು ಶಾಲೆಯಿಂದ ಅಳುತ್ತಾ ಬಂದು, "ಅಪ್ಪಾ, ಉಡಾಫೆ ಅಂದ್ರೇನು?" ಎಂದು ಕೇಳಿದ ದಿನ ತಮ್ಮ ಮೂಲೆ ಸೇರಿದವನು ಇನ್ನೂ ಎದ್ದಿಲ್ಲ.

"ಪಿನ್ನು ಆಮೇಲೆ ಮಾಡಿದ್ದು, ನಾನೇ ಮಾಡಿದ್ದು" ಎಂದು ಫಿಟ್ಟರ್ ಅಂದೇ ಹೇಳಿದ್ದ. ಸೂಪರ್‌ವೈಸರ್ ನಕ್ಕಿದ್ದ. "ನಿನಗೆ ಓದೋಕೆ ಬರತ್ತೇನಯ್ಯಾ? ಹಾಳೇಲಿ ಏನಿದೆ ಗೊತ್ತಾ?" ಪಿನ್ನಿನ ಮೇಲೆ ತಾರೀಕಿದೆ ಎಂಬ ಮಾತು ಫಿಟ್ಟರನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. ಹೇಳಿದ್ದರೆ ಸಂಜೆಯೊಳಗೆ ಅದನ್ನು ಗ್ರೈಂಡರಿಗೆ ಕೊಡುತ್ತಿದ್ದರು. ಮರುದಿನವೇ ಮೊದಲ ಬಣ್ಣ ಬಳಿದ.

ಆ ಸೂಪರ್‌ವೈಸರ್ ಈಗ ಮ್ಯಾನೇಜರ್. ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಮಾತ್ರ ಬೇರೆ ಜಾತಿಯ ಹೆಣ್ಣುಮಗಳು, ಕೇಳಿ ತಿಳಿಯುವ ಜಾತಿ. ಎಲಿವೇಟರಿನ ಪಟ್ಟಿ ಬದಲಿಸುವ ಕೆಲಸ ಬಂದಿತ್ತು. ಅವಳು ಬೀರುವಿನಿಂದ ಹಳೇ ಹಾಳೆಗಳನ್ನೆಲ್ಲಾ ತೆಗೆಸಿದಳು. "ಮೇಜಿನ ಮೇಲೆ ಕೂತು ಬರೆದಿದ್ದು ನನಗೆ ಬೇಡ. ಕೆಲಸ ಮಾಡೋರೇ ಕೂತು ಒಂದೊಂದೇ ಹಂತ ಹೇಳಬೇಕು" ಎಂದು ವರ್ಕ್‌ಶಾಪಿನಲ್ಲೇ ಎಲ್ಲರನ್ನೂ ಕೂರಿಸಿದಳು. ಮ್ಯಾನೇಜರ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಅವಳು ಓದಿದಳು. "ಒಂದು, ಕಂಟ್ರೋಲ್ ರೂಮಿಗೆ ತಿಳಿಸಿ ಕಾಳು ಖಾಲಿ ಮಾಡೋದು. ಎರಡು, ಕರೆಂಟು ತೆಗೆದು ಒಬ್ಬೊಬ್ಬರೂ ತಮ್ಮ ತಮ್ಮ ಬೀಗ, ಚೀಟಿ ಹಾಕೋದು. ಮೂರು, ಬಟನ್ ಒತ್ತಿ ನೋಡೋದು. ನಾಲ್ಕು, ಪಿನ್ ಹಾಕೋದು. ಏನಾದ್ರೂ ಬಿಟ್ಟುಹೋಗಿದೆಯಾ?"

ಫಿಟ್ಟರ್ ನಿಧಾನಕ್ಕೆ ಎದ್ದ. ಮಂಡಿ ಕಟಕ್ಕೆಂದಿತು.

"ಬಿಟ್ಟಿಲ್ಲಮ್ಮ. ಹೆಚ್ಚಿಗೆ ಇದೆ. ಕೆಳಗೆ ತಾರೀಕು ಏನಿದೆ ಓದಿ."

"ಮೊದಲನೇ ತಿಂಗಳು, ಹನ್ನೆರಡು."

"ಹಂಗಾದ್ರೆ ನಾಲ್ಕನೇ ಹಂತ ಹುಟ್ಟೋಕೆ ಮುಂಚೆನೇ ನಾಮಕರಣ ಆಗಿದೆ."

ವೆಲ್ಡರ್ ಪಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದ. ಮ್ಯಾನೇಜರ್ ಕಾಲಿಳಿಸಿದ. "ಮುದುಕರಿಗೆ ನೆನಪು ಕೈಕೊಡತ್ತೆ ಮೇಡಂ. ಮುಂದಿನ ಹಂತ ಓದಿ."

"ಹಂತ ದಾಟಬಾರದು ಅಂತ ನೀವೇ ಹೇಳ್ಕೊಟ್ಟಿದ್ದು, ಸಾಹೇಬ್ರೇ" ಎಂದ ಫಿಟ್ಟರ್. ಬೆಳಿಗ್ಗೆಯೇ ಪಿನ್ನನ್ನು ಇಳಿಸಿ ತಂದಿದ್ದ. ಗೋಣಿತಟ್ಟಿನಿಂದ ಬಿಚ್ಚಿ ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ತಲೆಯ ಕಡೆ ಕೆರೆಯತೊಡಗಿದ. ಅವಸರವೇ ಇಲ್ಲ. ಹಳದಿ ಪದರ ಪದರವಾಗಿ ಸಿಪ್ಪೆಯ ಹಾಗೆ ಎದ್ದು ಬಿತ್ತು. ಹನ್ನೊಂದು ಪದರ. ಮ್ಯಾನೇಜರನ ಹಣೆ ಬೆವರುವುದನ್ನು ಕಣ್ಣಂಚಿನಲ್ಲೇ ನೋಡುತ್ತಾ, ಬೇಕೆಂದೇ ಇನ್ನಷ್ಟು ಮೆಲ್ಲಗೆ ಕೆರೆದ. ಇಷ್ಟು ರುಚಿ ಇರುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ತಾನು ಮಾಡಿದ ಸಾಮಾನಿಗೆಲ್ಲ ಕೆಲಸದ ನಂಬರು, ತಾರೀಕು ಪಂಚಿನಿಂದ ಹೊಡೆಯುವುದು ಅವನ ಗುರು ಕಲಿಸಿದ ಅಭ್ಯಾಸ. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಕಬ್ಬಿಣದಲ್ಲಿ ಅಂಕಿಗಳು ಎದ್ದವು. ಕೆಲಸದ ನಂಬರು ಇನ್ನೂರ ಹದಿನಾರು. ಒಂಬತ್ತು, ಎಂಟನೇ ತಿಂಗಳು, ವರ್ಷ ಅದೇ.

"ಆರನೇ ತಿಂಗಳಲ್ಲಿ ನನ್ನ ತಮ್ಮನ ಕೈ ಹೋಯ್ತು" ಎಂದ ಫಿಟ್ಟರ್. "ಎಂಟನೇ ತಿಂಗಳಲ್ಲಿ ಪಿನ್ನು ಹುಟ್ತು. ಇಲ್ಲದ ಪಿನ್ನು ಹಾಕಲಿಲ್ಲ ಅಂತ ಅವನಿಗೆ ಉಡಾಫೆ ಅಂತ ಹೆಸರಿಟ್ರು."

"ನಿನ್ನೆನೇ ಹೊಡೆದಿರಬಹುದು!" ಮ್ಯಾನೇಜರ್ ಎದ್ದು ನಿಂತ.

ಅಧಿಕಾರಿ ವರ್ಕ್‌ಶಾಪಿನ ಹಳೇ ರಿಜಿಸ್ಟರ್ ತರಿಸಿ ಇನ್ನೂರ ಹದಿನಾರಕ್ಕೆ ಬೆರಳಿಟ್ಟಳು. "ಎಲಿವೇಟರ್ ಮೇಲಿನ ಚಕ್ರಕ್ಕೆ ತೂತು, ಹೊಸ ಪಿನ್ನು ಒಂದು. ಒಂಬತ್ತು, ಎಂಟು." ಆಮೇಲೆ ಮೆಲ್ಲಗೆ, "ಕೆಲಸ ಹೇಳಿದವರು ಅನ್ನೋ ಕಡೆ ನಿಮ್ಮ ಸಹಿ ಇದೆ, ಸರ್" ಎಂದಳು.

ಹಾಳೆ ತಿದ್ದುವ ಸಡಗರದಲ್ಲಿ ರಿಜಿಸ್ಟರ್ ಅವನಿಗೆ ಮರೆತೇಹೋಗಿತ್ತು. ಗ್ರೀಸಿನ ಕೈಯವರ ಪುಸ್ತಕ ಯಾರು ಓದುತ್ತಾರೆ!

ಅಧಿಕಾರಿ ಹಾಳೆ, ರಿಜಿಸ್ಟರ್ ಎರಡನ್ನೂ ಲಕೋಟೆಗೆ ಹಾಕಿ, ಮೇಲಿನ ಕಚೇರಿಗೆ ಫೋನ್ ಮಾಡಲು ಹೊರಟಳು. ಮ್ಯಾನೇಜರ್ ಓಣಿಯಲ್ಲಿ ಫಿಟ್ಟರನ ತೋಳು ಹಿಡಿದ. ಮೊದಲ ಸಲ ಅವನ ಬಾಯಲ್ಲಿ ಬಹುವಚನ ಬಂತು.

"ಅಣ್ಣಾ, ಮೂರು ತಿಂಗಳಿಗೆ ನನ್ನ ಸರ್ವೀಸು ಮುಗಿಯತ್ತೆ. ಬಿಟ್ಟುಬಿಡಿ. ನಿಮ್ಮ ತಮ್ಮಂಗೆ ಒಳಗೆ ಏನಾದ್ರೂ ಕೆಲಸ ಕೊಡಿಸ್ತೀನಿ. ನನ್ನ ಹೆಸರು ಹಾಳಾಗತ್ತೆ."

"ಹೆಸರು" ಎಂದ ಫಿಟ್ಟರ್, ಆ ಮಾತನ್ನು ಅಡಿಕೆಯ ಹಾಗೆ ಬಾಯಲ್ಲಿ ಹೊರಳಿಸಿ. "ಹೌದು ಸಾಹೇಬ್ರೇ. ಕೈ ಹೋದ್ರೆ ಇನ್ನೊಂದು ಕೈ ಇರತ್ತೆ. ಹೆಸರು ಒಂದೇ ಇರೋದು." ತೋಳಿನ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಹದಿನೈದು ದಿನಕ್ಕೆ ಮೇಲಿನವರು ಬಂದರು. ಮ್ಯಾನೇಜರನ ಕೆಲಸ ಹೋಯಿತು. ಹಳೇ ವರದಿ ರದ್ದಾಯಿತು. ಫಿಟ್ಟರ್ ಇನ್ನೊಂದೇ ಒಂದು ಕೇಳಿದ: ಹಳೇ ಹಾಳೆ ಬರೆದ ಕೈಯೇ ಹೊಸ ಹಾಳೆಯಲ್ಲಿ ನಿಜ ಬರೆದು, ಎಲ್ಲ ಪಾಳಿಯವರ ಎದುರಿಗೆ ಗಟ್ಟಿಯಾಗಿ ಓದಬೇಕು. ಮೇಲಿನವರು ಅವನನ್ನು ಒಪ್ಪಿಸಿದರು. ತಮ್ಮನನ್ನು ಮೂಲೆಯಿಂದ ಎಬ್ಬಿಸಿ, ಒಗೆದ ಅಂಗಿ ತೊಡಿಸಿ ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿದ್ದ.

"ಆ ದಿನ ಪಿನ್ನು ಇರಲಿಲ್ಲ" ಎಂದು ಮಾಜಿ ಮ್ಯಾನೇಜರ್ ಓದಿದ. "ಉಡಾಫೆ ಕಾರ್ಮಿಕನದ್ದಲ್ಲ."

ಅಲ್ಲಿಗೇ ಹಾಳೆ ಮಡಚತೊಡಗಿದ.

"ಇನ್ನೊಂದು ಸಾಲಿದೆ, ಸಾಹೇಬ್ರೇ" ಎಂದ ಫಿಟ್ಟರ್ ಹಿಂದಿನಿಂದ. "ಹಂತ ದಾಟಬೇಡಿ."

ಮಾಜಿ ಮ್ಯಾನೇಜರ್ ಹಾಳೆ ಮತ್ತೆ ಬಿಚ್ಚಿದ. "ಉಡಾಫೆ ನನ್ನದು."

ತಮ್ಮ ತಲೆ ಎತ್ತಿ ಅವನನ್ನು ನೋಡಿದ. ಆಮೇಲೆ ಅಣ್ಣನ ಕಡೆ ತಿರುಗಿ, "ಸರಿಯಾಗಿ ಕೇಳಿಸಲಿಲ್ಲ ಕಣಣ್ಣಾ. ಇನ್ನೊಂದು ಸಲ ಓದ್ಸು" ಎಂದ.

ಫಿಟ್ಟರ್ ಓದಿಸಿದ.