ಕೊಡೆಗಿದ್ದ ಧೈರ್ಯ

"ಛತ್ರಿ ಯಾವ ಬಣ್ಣದ್ದು?" ಮುಗ್ಧಾ ಪೆನ್ನು ಎತ್ತಿ ಹಿಡಿದು ಕೇಳಿದಳು.

ಸುಮಿತ ಕಿಟಕಿಯ ಕಡೆ ನೋಡಿದ. ಕಾಲೇಜಿನ ವಾಚನಾಲಯದಲ್ಲಿ ಅವರಿಬ್ಬರ ನಡುವೆ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಅವಳು ಮರಾಠಿಗೆ ಇಳಿಸುತ್ತಿದ್ದ ಅವನ ಕವಿತೆ. ಹೊರಗೆ ಬೆಳಗಾವಿಯ ಜುಲೈ ಮಳೆ.

"ಬಣ್ಣ ಯಾಕ ಬೇಕು? ಕನ್ನಡದಾಗ ಇಲ್ಲಲ್ಲ."

"ಕನ್ನಡದಾಗ ನಡೀತೈತಿ. ಮರಾಠಿಯೊಳಗ ಬರೇ ಆಕಿ ಛತ್ರಿ ಅಂದ್ರ ಸಾಲಂಗಿಲ್ಲ. ಸಾಲು ಗಿಡ್ಡ ಆಗತೈತಿ, ಓದೂ ಮುಂದ ಉಸುರು ನಡಕ ನಿಲ್ತೈತಿ. ಆಕಿ ಛತ್ರಿಗೆ ಒಂದು ಬಣ್ಣ ಹೇಳು, ಸಾಕು."

ಇಡೀ ಬಿ.ಎ. ಕೊನೆಯ ವರ್ಷಕ್ಕೆ ಹಳದಿ ಕೊಡೆ ಇದ್ದದ್ದು ಒಂದೇ ಒಂದು. ಅದು ಈಗ ವಾಚನಾಲಯದ ಬಾಗಿಲ ಹೊರಗೆ ನೀರು ಸೋರಿಸುತ್ತ ಕೂತಿತ್ತು. ಅದರ ಒಡತಿ ಪೆನ್ನು ಹಿಡಿದು ಎದುರಿಗೇ ಕೂತಿದ್ದಳು.

"ಕರೀದು," ಅಂದ ಸುಮಿತ.

ಮುಗ್ಧಾ ಅವನನ್ನೊಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ತನ್ನ ವಹಿಯಲ್ಲಿ ಏನೋ ಬರೆದುಕೊಂಡಳು.

ಈ ಪೇಚಿಗೆ ಅವನನ್ನು ಸಿಕ್ಕಿಸಿದವರು ಕನ್ನಡ ಕಲಿಸುವ ಪ್ರಮಿಳಾ ಮೇಡಂ. ಸುಮಿತ ಬೆಳಗಾವಿಯದೇ ಖಾಸಬಾಗದ ಹುಡುಗ. ಹಾಜರಿ ಕರೆದಾಗ 'ಎಸ್' ಅನ್ನುವುದಕ್ಕೂ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಜಾತಿ. ಅವನು ತಂದು ತೋರಿಸಿದ ಮೊದಲ ಪ್ರೇಮಕವಿತೆಯಲ್ಲಿ ಹುಣ್ಣಿಮೆ ಇತ್ತು, ತಾವರೆ ಇತ್ತು, ಎರಡು ಕಡೆ ಜಿಂಕೆಯೂ ಓಡಿತ್ತು. ಮೇಡಂ ಓದಿ ಕೆಳಗಿಟ್ಟು, "ಜಿಂಕಿ ಎಲ್ಲೆ ನೋಡೀಯಪ್ಪಾ ನೀ?" ಎಂದು ಕೇಳಿದ್ದರು. "ಖರೇ ಏನಾತು ಅಷ್ಟ ಬರಿ. ನಗೂದಿದ್ರ ನಿನ್ನ ಮ್ಯಾಲೆ ನಗು. ಆಕಿ ಮ್ಯಾಲೆ ಒಂದು ಹನಿ ಬಿದ್ರೂ ಕವಿತಾ ಕೆಟ್ಟಂಗ."

ಖರೆ ನಡೆದದ್ದು ಬಹಳ ಕಡಿಮೆ ಇತ್ತು. ಆದರೆ ಕಡಿಮೆ ಇದ್ದದ್ದೇ ಕೆಲಸಕ್ಕೆ ಬಂತು. ಹದಿನೈದು ದಿನ ಬಿಟ್ಟು ಅವನು ತಂದ ಹಾಳೆ ಹೀಗೆ ಶುರುವಾಗುತ್ತಿತ್ತು:

*ಎರಡು ವರ್ಷದಲ್ಲಿ ಅವಳೊಡನೆ*
*ಆಡಿದ್ದು ಒಟ್ಟು ಮೂರು ಮಾತು.*
*ಒಂದು, ಹೂಂ.*
*ಎರಡು, ಹೂಂ.*
*ಮೂರನೆಯದು, ಸೀನು.*

*ಕನ್ನಡಿಯ ಮುಂದೆ ನಾನು ಭಾಷಣಕಾರ,*
*ಅವಳ ಮುಂದೆ ಬರೀ ಕನ್ನಡಿ.*

ಮೇಡಂ ನಕ್ಕರು. ನಕ್ಕು ಮುಂದೆ ಓದಿ, ಕೊನೆಯ ಆರು ಸಾಲಿಗೆ ಅಡ್ಡ ಗೆರೆ ಎಳೆದರು. ಅಲ್ಲಿ ಹುಡುಗ ಮಳೆಯಲ್ಲಿ ನಿಂತು ಅಳುತ್ತಿದ್ದ. "ಇಷ್ಟೊತ್ತು ನಗಿಸ್ಕೋತ ಬಂದು ಒಮ್ಮೆಲೆ ಅಳಾಕ ಕುಂತ್ರ ಮಂದಿ ಎಲ್ಲೆ ನೋಡಬೇಕು? ಬೇಡೂದಿದ್ರೂ ನಗಕೋತನ ಬೇಡು." ಅವನು ಬಾಗಿಲ ಹೊರಗೆ ಎರಡು ಬೆಂಚಿನಾಚೆ ಕೂತು, ಅಲ್ಲೇ ಕೊನೆಯನ್ನು ಹೊಸದಾಗಿ ಬರೆದುಕೊಟ್ಟ. ಅದನ್ನು ಓದಿದ ಮೇಡಂ ಈ ಸಲ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಖಾನಾಪುರಕ್ಕ ನೀನೂ ಬಾ," ಅಂದರು.

ಖಾನಾಪುರದ ಸಾರ್ವಜನಿಕ ವಾಚನಾಲಯದವರು ಪ್ರತಿ ಮಳೆಗಾಲಕ್ಕೆ ಒಂದು ಕವಿಗೋಷ್ಠಿ ಮಾಡುತ್ತಾರೆ. ಅಲ್ಲಿಯ ಕ್ರಮ ಏನೆಂದರೆ, ಕವಿ ತನ್ನ ಭಾಷೆಯಲ್ಲಿ ಓದಿದ ಕೂಡಲೇ ಬಾಜೂಕ್ಕೆ ನಿಂತ ಇನ್ನೊಬ್ಬರು ಅದನ್ನೇ ಇನ್ನೊಂದು ಭಾಷೆಯಲ್ಲಿ ಓದಬೇಕು, ಕನ್ನಡದ್ದಕ್ಕೆ ಮರಾಠಿ, ಮರಾಠಿಯದ್ದಕ್ಕೆ ಕನ್ನಡ. ಎರಡೂ ಸಲ ಒಂದೇ ಜಾಗದಲ್ಲಿ ನಗು ಬಂದರೆ ಗೆದ್ದಂತೆ. ಕಾಲೇಜಿನಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವಳು ಖಾನಾಪುರದಿಂದಲೇ ದಿನಾ ಬಂದುಹೋಗುವ ಮುಗ್ಧಾ. ಕವಿತೆಯ ಹುಡುಗಿ ಯಾರೆಂದು ಕೇಳದೆಯೇ ಮೇಡಂ ಅವಳನ್ನೇ ಅವನಿಗೆ ಜೋಡಿ ಹಾಕಿದ್ದರು. ಕೇಳಿದ್ದರೂ ಸುಮಿತ ಹೇಳುವ ಪೈಕಿ ಅಲ್ಲ.

ಮುಗ್ಧಾ ಹತ್ತನೆಯ ತನಕ ಓದಿದ್ದು ಮರಾಠಿ ಸಾಲೆಯಲ್ಲಿ. ಕೈಬರಹದ ಕನ್ನಡ ಅವಳಿಗೆ ತಡವಾಗುತ್ತಿತ್ತು. "ನಿನ್ನ ಅಕ್ಷರ ಇರಿವಿ ಹರದಾಡಿದಂಗ ಅದಾವ. ನೀ ಓದಕೋತ ಹೋಗು, ನಾ ಬರಕೋತೀನಿ," ಅಂದಳು. ಹೀಗಾಗಿ, ಎರಡು ವರ್ಷದಲ್ಲಿ ಎರಡು ಹೂಂ ಮತ್ತು ಒಂದು ಸೀನು ಸಂಪಾದಿಸಿದ್ದ ಹುಡುಗ, ಅವಳ ಮೇಲೆಯೇ ಬರೆದ ಕವಿತೆಯನ್ನು ಅವಳೆದುರಿಗೇ ಕೂತು, ಒಂದೊಂದು ಸಾಲನ್ನೂ ಎರಡೆರಡು ಸಲ, ಬಿಡಿಸಿ ಬಿಡಿಸಿ ಓದಬೇಕಾಯಿತು. ಇಂಥ ಶಿಕ್ಷೆ ವೈರಿಗೂ ಬೇಡ.

ಆದರೂ ಆ ಹೊತ್ತು ಅವನಿಗೆ ಸಿಕ್ಕ ಸುಖವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮುಗ್ಧಾ ಕೆಲಸ ಮಾಡುವ ಚಂದವೇ ಬೇರೆ. ಸಾಲನ್ನು ಬಾಯೊಳಗೇ ಅಂದುಕೊಳ್ಳುವಳು, ಬೆರಳ ತುದಿಯಿಂದ ಮೇಜಿನ ಮೇಲೆ ತಾಳ ಹಾಕುವಳು, ಒಪ್ಪಿಗೆಯಾಗದಿದ್ದರೆ ತನಗೆ ತಾನೇ "ಚ್ಚ್" ಅನ್ನುವಳು. ಸೀನಿನ ಸಾಲನ್ನು ಮೂರು ಸಲ ಬರೆದಳು.

"ಸೀನು ಸಾಲಿನ ಕೊನೀಗೇ ಯಾಕ ಇಟ್ಟಿ?"

"ಮದಲ ಹೇಳಿಬಿಟ್ರ ನಗು ಅಲ್ಲೇ ಮುಗೀತೈತಿ," ಅಂದ ಸುಮಿತ. "ಮೂರನೇದು ಅಂದ ಕೂಡ್ಲೆ ಮಂದಿ ಏನೋ ದೊಡ್ಡ ಮಾತು ಬರತೈತಿ ಅಂತ ಕಾಯತಾರ. ಕಾಯಿಸಿ ಆಮ್ಯಾಲೆ ಸೀನಬೇಕು."

ಇಷ್ಟು ಉದ್ದ ಮಾತಾಡಿದ್ದು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಮುಗ್ಧಾ ತಲೆಯಾಡಿಸಿ ಮರಾಠಿಯ 'ಶಿಂಕ'ನ್ನು ಎಳೆದು ತಂದು ಸಾಲಿನ ತುದಿಗೆ ಕೂರಿಸಿದಳು. ಓದಿ ನೋಡಿ ತಾನೇ ನಕ್ಕಳು. ಕವಿತೆ ಬರೆದ ಮೇಲೆ ಅವನಿಗೆ ಸಿಕ್ಕ ದೊಡ್ಡ ಬಹುಮಾನ ಅದೇ.

ಏಳುವ ಮುಂಚೆ ಅವಳು ಕೇಳಿದಳು: "ಒಂದು ಹೇಳ್ಲಿ? ಇದರಾಗ ಆ ಹುಡುಗಿ ಒಂದ ಮಾತೂ ಆಡಂಗಿಲ್ಲಲ್ಲ."

"ಆಕಿ ಏನ ಅಂದಾಳು ಅಂತ ನನಗ ಹೆಂಗ ಗೊತ್ತಾಗಬೇಕು?"

"ಅದೂ ಖರೇ," ಅಂದು ವಹಿ ಮುಚ್ಚಿದಳು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಸುಮಿತನಿಗೆ ಬಾಯಿ ಬಿಡದಿದ್ದಾಗ ಎಂದೂ ಆಗದಷ್ಟು ಹಿಂಸೆ ಆ ಒಂದು 'ಕರೀದು' ಅಂದ ಮೇಲೆ ಆಯಿತು. ಕವಿತೆಯಲ್ಲಿ ಅವನು ತನ್ನ ಹೇಡಿತನ, ಸೀನು, ಕನ್ನಡಿ ಎಲ್ಲವನ್ನೂ ಇದ್ದಹಾಗೆ ಇಟ್ಟಿದ್ದ. ಅದರ ಬಲ ಇದ್ದದ್ದೇ ಅಲ್ಲಿ. ಈಗ ಅದರ ಮರಾಠಿ ಹೊಟ್ಟೆಯೊಳಗೆ ಒಂದು ಸುಳ್ಳು ಹೊಕ್ಕಿತ್ತು, ಅದನ್ನು ಅವಳ ಕೈಯಿಂದಲೇ ಬರೆಸಿದ್ದ. ಹೋಗಲಿ, ನಿಜ ಹೇಳೋಣವೆಂದರೆ ಗೋಷ್ಠಿ ಅವಳ ಊರಲ್ಲಿ. ವಾಚನಾಲಯದ ಕಾರ್ಯದರ್ಶಿ ಬಾಳಕೃಷ್ಣ ಅವಳ ಸ್ವಂತ ಕಾಕಾ. ತನ್ನ ಕವಿತೆಯಿಂದ ನಾಲ್ಕು ಜನ ಅವಳ ಕಡೆ ಬೊಟ್ಟು ಮಾಡುವಂತಾದರೆ ಮುಗಿಯಿತು, ಒಂದು ಹನಿ ಅವಳ ಮೇಲೆ ಬಿದ್ದಂತೆಯೇ. ಗೋಷ್ಠಿಯ ರವಿವಾರ ಬೆಳಿಗ್ಗೆ ಖಾನಾಪುರದ ರೈಲಿನಲ್ಲಿ ದೇಸೂರು ದಾಟುವ ತನಕ ಯೋಚಿಸಿ, ಬಣ್ಣವನ್ನೇ ತೆಗೆಸಿಬಿಡಬೇಕೆಂದು ಅವನು ಗಟ್ಟಿ ಮಾಡಿಕೊಂಡ.

ವಾಚನಾಲಯದ ಪಡಸಾಲೆಯಲ್ಲಿ ಬಂದವರ ಕೊಡೆಗಳು ಬಿಚ್ಚಿಕೊಂಡು ಒಣಗುತ್ತಿದ್ದವು, ಮೂವತ್ತು ನಲವತ್ತು, ಎಲ್ಲ ಕರಿಯವು. ನಡುವೆ ಒಂದು ಹಳದಿ. ಸುಮಿತ ತನ್ನ ಕೊಡೆಯನ್ನು ಅಲ್ಲಿ ಇಡಲಿಲ್ಲ. ಮಡಚಿ ಒಳಗೇ ತಂದ. ಮುಗ್ಧಾ ಕುರ್ಚಿ ಸಾಲು ಮಾಡುತ್ತಿದ್ದಳು.

"ಮುಗ್ಧಾ, ಆ ಛತ್ರಿ ಕರೀದಲ್ಲ." ಒಂದೇ ಉಸಿರಿಗೆ ಹೇಳಿದ. "ನಾ ಸುಳ್ಳು ಹೇಳಿದ್ದೆ. ಬಣ್ಣಾನ ತಗದಬಿಡು. ನಿಮ್ಮ ಊರು, ನಿಮ್ಮ ಮಂದಿ. ನಿನಗ ತ್ರಾಸ ಆಗಬಾರದು."

ಅವಳಿಗೆ ತ್ರಾಸ ಯಾಕೆ ಆಗಬೇಕು ಎಂಬುದನ್ನು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಈಗ ತಗದ್ರ ಸಾಲು ಕುಂಟತೈತಿ," ಅಂದಳು. "ಹೋಗು, ಕುಂದರು. ಮೂರನೇ ನಂಬರ್ ನಮ್ದು."

ಸುಮಿತ ಓದಿದ. ಮೊದಲ ಎರಡು ಸಾಲಿಗೆ ದನಿ ನಡುಗಿತು. ಕವಿತೆಯ ಹುಡುಗನೂ ಅಂಥವನೇ ಆಗಿದ್ದರಿಂದ ಜನ ಅದನ್ನು ಅಭಿನಯ ಎಂದು ತಿಳಿದರು. ಮೂರನೆಯದು ಅಂದು ನಿಂತ. ಕಾಯಿಸಿದ. ಸೀನಿಗೆ ಸಭೆ ಘೊಳ್ಳೆಂದಿತು. ಕನ್ನಡಿಯ ಸಾಲಿಗೆ ಪ್ರಮಿಳಾ ಮೇಡಂ ಎಲ್ಲರಿಗಿಂತ ಮೊದಲು ನಕ್ಕರು. ಆಮೇಲೆ ಕೊಡೆ ಬಂತು:

*ಹೊರಗೆ ಪಡಸಾಲೆಯಲ್ಲಿ ನನ್ನ ಕೊಡೆ*
*ತಾನಾಗಿ ಹೋಗಿ ಅವಳ ಕೊಡೆಯ ಬಾಜು ಕೂತಿದೆ.*
*ಮೂರು ತಾಸು ಏನು ಮಾತಾಡಿದವೋ,*
*ಕೇಳಿದರೆ ಬರೀ ನೀರು ಸುರಿಸಿತು.*

*ದೇವರೇ, ಮುಂದಿನ ಜನ್ಮದ ಮಾತು ಬೇಡ,*
*ಈ ಮಳೆಗಾಲ ಮುಗಿಯುವುದರೊಳಗೆ*
*ಅದಕ್ಕಿರುವ ಧೈರ್ಯದಲ್ಲಿ*
*ಒಂದು ಕಡ್ಡಿಯಷ್ಟು ನನಗೂ ಕೊಡು.*

ಚಪ್ಪಾಳೆ ಬಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಮುಗ್ಧಾ ಮೈಕಿನ ಮುಂದೆ ಬಂದಳು. ಆವತ್ತಿನ ವಹಿಯಿಂದಲೇ ಹರಿದು ತಂದ ಅವಳ ಹಾಳೆ ಈಗ ಅವನಿಗೆ ಓರೆಯಾಗಿ ಕಾಣುತ್ತಿತ್ತು. ನೀಲಿ ಶಾಯಿಯ ದುಂಡನೆಯ ಅಕ್ಷರ, ಸೀನಿನ ಸಾಲಿನಲ್ಲಿ ಎರಡು ಕಡೆ ಹೊಡೆದುಹಾಕಿದ್ದು ಬಿಟ್ಟರೆ ಎಲ್ಲೂ ಗೀಚಿಲ್ಲ. ಸೀನಿಗೆ ಜನ ಮತ್ತೆ ನಕ್ಕರು, ಅದೇ ಜಾಗದಲ್ಲಿ. ಕನ್ನಡಿಗೂ ನಕ್ಕರು. ಕೊಡೆಯ ಸಾಲಿಗೆ ಬಂದಾಗ ಅವಳು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ತಾಳ ತಪ್ಪದೆ, ಸಾಲಿಗೆ ಬೇಕಾದಷ್ಟೇ ಉಸಿರಿನಲ್ಲಿ, ಹುಡುಗನ ಕೊಡೆ 'ಪಿವಳಿ ಛತ್ರಿ'ಯ ಬಾಜು ಹೋಗಿ ಕೂತಿತು ಎಂದು ಓದಿದಳು. ಪಿವಳಿ ಅಂದರೆ ಹಳದಿ ಎಂದು ಆ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸುಮಿತ ಹಾಳೆ ನೋಡಿದ. ಆ ಪದದ ಮೇಲಾಗಲಿ ಕೆಳಗಾಗಲಿ ತಿದ್ದಿದ ಗುರುತಿಲ್ಲ. ಆವತ್ತು ಅವನು ಕರೀದು ಅಂದಾಗಲೇ ಅವಳು ಹಳದಿ ಎಂದು ಬರೆದುಕೊಂಡಿದ್ದಳು.

ಬಾಗಿಲ ಹತ್ತಿರ ಕೂತವನೊಬ್ಬ ಮೊದಲು ತಿರುಗಿ ಪಡಸಾಲೆ ನೋಡಿದ. ಅವನನ್ನು ನೋಡಿ ಬಾಜೂದವನು. ಹಿಂದಿನ ಸಾಲಿನಲ್ಲಿದ್ದ ಕಾಲೇಜಿನ ಹುಡುಗರಿಗಂತೂ ನೋಡುವ ಅಗತ್ಯವೇ ಇರಲಿಲ್ಲ, ಅವರು ಆಗಲೇ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಗು ಸಾಲಿನಿಂದ ಸಾಲಿಗೆ ಹರಿದು ಮುಂದೆ ಬಂತು. ಕೊನೆಗೆ ಬಾಳಕೃಷ್ಣ ಕಾಕಾ ಕೂಡ ಕುರ್ಚಿಯ ಮೇಲೆ ಕೈಯೂರಿ ಹಿಂದಕ್ಕೆ ಹೊರಳಿದರು. ಮುಗ್ಧಾ ಯಾರ ಕಡೆಗೂ ನೋಡಲಿಲ್ಲ. ಕಿವಿ ಕೆಂಪಾಗಿದ್ದವು. ಬೆರಳನ್ನು ಮುಂದಿನ ಸಾಲಿನ ಕೆಳಗೆ ಇಟ್ಟುಕೊಂಡು, ನಗು ಪೂರಾ ಮುಗಿಯುವ ತನಕ ನಿಂತಳು. ಎಂಥ ಹುಡುಗಿ ಎಂದು ಸುಮಿತನಿಗೆ ಅನ್ನಿಸಿತು. ಇಂಥವಳ ಮೇಲೆ ಬರೀ ಹದಿನೈದು ಸಾಲು ಬರೆದೆನಲ್ಲ ಎಂದು ನಾಚಿಕೆಯಾಯಿತು. ಅವಳು ಕಡ್ಡಿಯಷ್ಟು ಧೈರ್ಯ ಬೇಡುವ ಸಾಲುಗಳನ್ನು ನಿಧಾನವಾಗಿ ಓದಿ ಮುಗಿಸಿ, ಹಾಳೆ ಮಡಚಿದಳು.

ಮುಂದಿನ ಕವಿಯ ಹೆಸರು ಕೂಗಿದರು. ಸುಮಿತ ವೇದಿಕೆ ಇಳಿದು ತನ್ನ ಕುರ್ಚಿಗೆ ಬಂದ. ಅದರ ಕೆಳಗೆ ಮಡಚಿಟ್ಟ ಕೊಡೆಯಿಂದ ಒಂದು ಸಣ್ಣ ಹೊಳೆಯೇ ಹರಿದಿತ್ತು. ಅದನ್ನು ಕೈಗೆತ್ತಿಕೊಂಡು, ಎಲ್ಲರ ಕಣ್ಣೆದುರಿಗೇ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು, ಬಾಗಿಲು ದಾಟಿ ಪಡಸಾಲೆಗೆ ಹೋದ. ಅಲ್ಲಿ ಎರಡು ಕರಿ ಕೊಡೆಗಳನ್ನು ಒಂಚೂರು ಆಚೆ ಸರಿಸಿ ಜಾಗ ಮಾಡಿ, ತನ್ನದನ್ನು ಬಿಚ್ಚಿ ಹಳದಿಯದರ ಬಾಜು ಒಣಗಲು ಇಟ್ಟ.