ಪದ ಹುಡುಕಿದರೆ ಪುಟ ಬರುತ್ತದೆ

ಆ ಆಸ್ಪತ್ರೆಯ ಆಡಳಿತಾಧಿಕಾರಿ ಸಾಹೇಬರಿಗೆ ಓದುವ ಅಭ್ಯಾಸವಿರಲಿಲ್ಲ, ಸಹಿ ಹಾಕುವ ಅಭ್ಯಾಸ ಮಾತ್ರ ಧಾರಾಳವಾಗಿತ್ತು. ಮೇಜಿನ ಮೇಲೆ ಯಾವ ಕಾಗದ ಬಂದು ಬಿದ್ದರೂ ಮೊದಲ ಎರಡು ಸಾಲಿನ ಮೇಲೆ ಕಣ್ಣು ಹಾಯಿಸಿ, ಕೆಳಗೆ ಹಸಿರು ಶಾಯಿಯಲ್ಲಿ ‘ನೋಡೋಣ’ ಎಂದು ಗೀಚಿ, ಉದ್ದ ಬಾಲದ ಸಹಿ ಎಳೆದು ಆಚೆ ತಳ್ಳುತ್ತಿದ್ದರು. ಅಕ್ಷರವೋ, ದೇವರೇ ಗತಿ. ಔಷಧಿ ಅಂಗಡಿಯವರಿಗೆ ಡಾಕ್ಟರುಗಳ ಚೀಟಿ ಓದಿ ಓದಿ ಪಳಗಿದ ಕಣ್ಣು, ಅವರೂ ಈ ಬರಹಕ್ಕೆ ಕೈ ಮುಗಿದಿದ್ದರು.

ಹಾಗೆ ಆಚೆ ತಳ್ಳಿದ ಕಾಗದಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ನೆಲಮಾಳಿಗೆಯ ದಾಖಲೆ ಕೋಣೆಗೆ. ಅಲ್ಲಿನ ಗುಮಾಸ್ತೆಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಕಡತಮ್ಮ. ಕಾಗದ ಸ್ಕ್ಯಾನ್ ಮಾಡುವುದು, ಪಿಡಿಎಫ್ ಮಾಡಿಡುವುದು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವುದು, ಇಷ್ಟೇ ಅವಳ ಕೆಲಸ. ಕೇಳದ್ದನ್ನು ಹೇಳಲು ಹೋಗಿ ಹಿಂದೊಮ್ಮೆ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದಳು. ‘ಕೇಳಿದ್ದಕ್ಕೆ ಮಾತ್ರ ಉತ್ತರ’ ಎಂದು ಸಾಹೇಬರು ಅಂದೇ ತಾಕೀತು ಮಾಡಿದ್ದರು.

ಮೂರು ವಾರದ ಹಿಂದೆ ಸ್ಟ್ರೆಚರ್ ಸಾಗಿಸುವ ಲಿಫ್ಟು ಎರಡನೇ ಮಹಡಿಯಲ್ಲಿ ನಿಲ್ಲದೆ ಜಾರಿ, ಧಡ್ ಎಂದು ಕೆಳಗೆ ಹೋಗಿ ಕೂತಿತ್ತು. ಪುಣ್ಯಕ್ಕೆ ಒಳಗೆ ರೋಗಿ ಇರಲಿಲ್ಲ, ವಾರ್ಡಿನ ಆಯಾ ಒಬ್ಬಳಿದ್ದಳು, ಅವಳ ಕಾಲು ಮುರಿಯಿತು. ಯಾರದ್ದಾದರೂ ತಲೆ ಉರುಳಬೇಕಲ್ಲ, ಸಂಜೆಯೊಳಗೆ ಲಿಫ್ಟ್ ಮೆಕ್ಯಾನಿಕ್ ಅಮಾನತಾದ. ಆ ಮೆಕ್ಯಾನಿಕ್ ಕಡತಮ್ಮನ ಅಕ್ಕನ ಗಂಡ.

ಭಾವ ಬಾಯಿಸತ್ತ ಮನುಷ್ಯ. ಲಿಫ್ಟಿನ ಮೋಟರು ಕೆಮ್ಮಿದರೆ ತನಗೇ ಜ್ವರ ಬಂದವನಂತೆ ಒದ್ದಾಡುತ್ತಿದ್ದವನು ಈಗ ಮನೆಯ ಕಿಟಕಿಯ ಹತ್ತಿರ ಕೂತು ತನ್ನ ಅಂಗೈ ತಾನೇ ನೋಡಿಕೊಳ್ಳುತ್ತಿದ್ದ. ಬ್ರೇಕು ಸವೆದಿದೆಯೆಂದು ಬರೆದು ಕೊಟ್ಟಿದ್ದೆ ಎನ್ನುತ್ತಿದ್ದ. ಎಷ್ಟು ಸಲ, ಯಾವಾಗ ಎಂದು ಕೇಳಿದರೆ ಜ್ಞಾಪಕವಿಲ್ಲ. ಒಂದಕ್ಕೂ ನಕಲು ಇಟ್ಟುಕೊಂಡಿರಲಿಲ್ಲ. ಆಫೀಸಿಗೆ ಕೊಟ್ಟ ಮೇಲೆ ನಕಲು ಯಾಕೆ ಎಂಬ ನಂಬಿಕೆ, ಪಾಪ. ಇತ್ತೀಚೆಗಂತೂ, ನಾನೇ ಸರಿಯಾಗಿ ಹೇಳಲಿಲ್ಲವೇನೋ, ಆಯಾಳ ಕಾಲು ಮುರಿದದ್ದು ನನ್ನಿಂದಲೇ ಏನೋ ಎನ್ನಲು ಶುರುಮಾಡಿದ್ದ.

ಕೇಂದ್ರ ಕಚೇರಿಯಿಂದ ವಿಚಾರಣಾ ಸಮಿತಿ ಬರುವುದೆಂದು ಗೊತ್ತಾಯಿತು. ಮೂರು ಜನ, ಒಂದು ಗಂಟೆ ಕೂತು ತೀರ್ಮಾನ ಹೇಳಿ ಹೋಗುವವರು. ಭಾವನ ಕೆಲಸ ಉಳಿಯುವುದೋ ಹೋಗುವುದೋ ಆ ಒಂದು ಗಂಟೆಯಲ್ಲಿ ಇತ್ಯರ್ಥ. ಕಟ್ಟಡ ನಿರ್ವಹಣೆಯ ಕಡತವೋ ಸಾವಿರದ ಮುನ್ನೂರ ಹನ್ನೆರಡು ಪುಟ. ನೀರಿನ ಟ್ಯಾಂಕು, ಕೆಟ್ಟ ಫ್ಯಾನು, ಇಲಿ ಔಷಧಿ, ಎಲ್ಲವೂ ಅದರಲ್ಲೇ. ಅದನ್ನು ಹಾಗೇ ಕೊಟ್ಟರೆ ಸಮಿತಿ ಮುಟ್ಟುವುದಿಲ್ಲ. ಆದ್ದರಿಂದ ಸಾಹೇಬರಿಗೊಂದು ಅಮೋಘ ಯೋಚನೆ ಹೊಳೆಯಿತು, ಕಡತಮ್ಮನಿಗೆ ಕರೆ ಬಂತು.

ಕೀವರ್ಡ್ ಹಾಕಿ ಹುಡುಕಿ, ಅದು ಇರುವ ಪುಟಗಳನ್ನಷ್ಟೇ ಹೊಸ ಪಿಡಿಎಫ್ ಮಾಡಬೇಕು, ಯಂತ್ರಕ್ಕೆ ಪಕ್ಷಪಾತವಿಲ್ಲ ಎಂದು ಯಂತ್ರ ಕಂಡುಹಿಡಿದವರ ಗತ್ತಿನಲ್ಲಿ ವಿವರಿಸಿದರು. ಆಮೇಲೆ ಕುರ್ಚಿಗೆ ಒರಗಿ ಅಸಲು ವಿಷಯಕ್ಕೆ ಬಂದರು.

“ನೋಡಮ್ಮಾ, ಬೇರೆಯವರ ಕೈಲಿ ಮಾಡಿಸಬಹುದಿತ್ತು. ಆದ್ರೆ ನೀವೇ ಮಾಡಿದ್ರೆ ನಾಳೆ ಯಾರೂ ಬಾಯಿ ಬಿಡೋ ಹಾಗಿಲ್ಲ. ಅವನ ಮನೆಯವರೇ ತೆಗೆದ ಪುಟ ಅಂತಾಗತ್ತೆ. ಒಂದು ಪುಟ ಜಾಸ್ತಿ ಸೇರಿಸಿದ್ರೋ, ನಿಮ್ಮ ಕೆಲಸಾನೂ ಹೋಯ್ತು ಅಂತ ತಿಳ್ಕೊಳ್ಳಿ.”

ಕಡತಮ್ಮ ನೆಲಮಾಳಿಗೆಗೆ ಇಳಿದಳು, ಸಾಹೇಬರೂ ಹಿಂದೆಯೇ ಬಂದರು. ಸ್ಕ್ಯಾನ್ ಮಾಡಿದ ಪುಟವೆಂದರೆ ಕಂಪ್ಯೂಟರಿಗೆ ಬರೀ ಫೋಟೊ. ಅದರೊಳಗಿನ ಅಚ್ಚಿನ ಅಕ್ಷರಗಳನ್ನು ಅದಕ್ಕೆ ಮೊದಲು ಓದಿಸಬೇಕು, ಆಮೇಲಷ್ಟೇ ಹುಡುಕಲು ಬರುತ್ತದೆ. ಆ ಓದಿಸುವ ಕೆಲಸವನ್ನು ಅವಳು ಬೆಳಿಗ್ಗೆಯೇ ಮುಗಿಸಿಟ್ಟಿದ್ದಳು. ಸಾಹೇಬರು ಮೊದಲು ‘ನಿರ್ಲಕ್ಷ್ಯ’ ಎಂದು ಹುಡುಕಿಸಿದರು. ಒಂದೇ ಒಂದು ಪುಟ ಬಂತು: ‘ಕೈ ತೊಳೆಯುವುದನ್ನು ನಿರ್ಲಕ್ಷ್ಯ ಮಾಡಬೇಡಿ’ ಎಂಬ ಸುತ್ತೋಲೆ. ಸಾಹೇಬರ ಮುಖ ಹುಳ್ಳಗಾಯಿತು.

ಆಮೇಲೆ ಅವರಿಗೆ ತಾವು ಕೊಟ್ಟ ಮೆಮೊಗಳು ನೆನಪಾದವು. ಮೆಕ್ಯಾನಿಕ್‌ಗೆ ನಾಲ್ಕು ಸಲ ಕೊಟ್ಟಿದ್ದೇನೆ, ಅವೆಲ್ಲ ಒಟ್ಟಿಗೆ ಸಿಕ್ಕರೆ ಮುಗಿಯಿತು ಅವನ ಕಥೆ ಎಂದು ‘ಮೆಕ್ಯಾನಿಕ್’ ಹಾಕಲು ಹೇಳಿದರು. ಪಕ್ಕದ ಪಟ್ಟಿಯಲ್ಲಿ ಐವತ್ತಾರು ಕಡೆ ಸಿಕ್ಕಿದೆಯೆಂದು ಬಂತು. ಐವತ್ತಾರು! ಸಾಹೇಬರು ಅಂಗೈ ಉಜ್ಜಿಕೊಂಡರು. ನಾಲ್ಕು ಮೆಮೊ ಕೊಟ್ಟವರಿಗೆ ಐವತ್ತಾರು ಎಲ್ಲಿಂದ ಬಂತೆಂಬ ಅನುಮಾನ ಬರಬಾರದೇ? ಬರಲಿಲ್ಲ. ಅನುಮಾನ ಬರುವುದಕ್ಕೂ ಒಂದಿಷ್ಟು ಓದಿರಬೇಕು.

ಹೊರಡುವ ಮುಂಚೆ ಮಾತ್ರ ಅವರಿಗೊಂದು ಸಣ್ಣ ಅಳುಕು ಬಂತು. ತಮ್ಮ ಕೈಬರಹ ಎಲ್ಲಾದರೂ ಸಿಕ್ಕಿಹಾಕಿಕೊಂಡೀತೋ ಎಂದು ‘ನೋಡೋಣ’ ಎಂಬುದನ್ನೂ ಒಮ್ಮೆ ಹುಡುಕಿಸಿದರು. ಯಾವುದೂ ಸಿಗಲಿಲ್ಲ ಎಂದಿತು ಕಂಪ್ಯೂಟರು. ಪಾಪ, ಅದು ಅಚ್ಚಿನ ಅಕ್ಷರ ಓದುವ ಜಾತಿಯದು, ಹಸಿರು ಶಾಯಿಯ ಹುಳುಗಳನ್ನು ಎಲ್ಲಿ ಓದೀತು? ಕಡತಮ್ಮ, “ಸರ್, ಕೈಬರಹ ಅದು...” ಎಂದು ಬಾಯಿ ತೆರೆದಳು. ಸಾಹೇಬರು ಬೆರಳೆತ್ತಿದರು. ಕೇಳಿದ್ದಕ್ಕೆ ಮಾತ್ರ ಉತ್ತರ. ಅವಳು ಬಾಯಿ ಮುಚ್ಚಿಕೊಂಡಳು.

ಅವರು ಹೋದ ಮೇಲೆ ಕೆಲಸಕ್ಕೆ ಕೂತಳು. ಪುಟ ಬಿಟ್ಟುಹೋಗಬಾರದು, ಸೇರಲೂಬಾರದು. ಪೂರ್ತಿ ಪದಕ್ಕೆ ಮಾತ್ರ ಎಂಬ ಗುರುತನ್ನು ತೆಗೆದಿಟ್ಟಿದ್ದಳು, ಇಲ್ಲದಿದ್ದರೆ ‘ಮೆಕ್ಯಾನಿಕ್‌ಗೆ’, ‘ಮೆಕ್ಯಾನಿಕ್‌ನ’ ಎಂಬವೆಲ್ಲ ತಪ್ಪಿಹೋಗುತ್ತಿದ್ದವು. ಮಸುಕು ಪುಟಗಳಲ್ಲಿ ಪದದ ಬಾಲ ತಪ್ಪಾಗಿ ಓದಿರಬಹುದೆಂದು ಬರೀ ‘ಮೆಕ್ಯಾ’ ಎಂದೂ ಹುಡುಕಿದಳು. ಇನ್ನೆರಡು ಪುಟ ಸಿಕ್ಕವು, ಕಣ್ಣಿಟ್ಟು ನೋಡಿದರೆ ಎರಡರಲ್ಲೂ ಪದ ಇದ್ದದ್ದು ನಿಜ. ಒಂದೇ ಪುಟದಲ್ಲಿ ಎರಡು ಮೂರು ಸಲ ಬಂದದ್ದನ್ನು ಒಂದೇ ಎಂದು ಎಣಿಸಿದರೆ ಒಟ್ಟು ನಲವತ್ಮೂರು ಪುಟ. ಕಾಗದದ ಮೂಲೆಯಲ್ಲಿ ಒತ್ತಿದ ನಂಬರು ಬೇರೆ, ಪಿಡಿಎಫ್ ಎಣಿಸುವ ನಂಬರು ಬೇರೆ, ಮೊದಲ ಮೂರು ಹಾಳೆಗೆ ಮುದ್ರೆಯೇ ಬಿದ್ದಿರಲಿಲ್ಲ. ಆದ್ದರಿಂದ ಪಿಡಿಎಫ್ ನಂಬರನ್ನೇ ಒಂದೊಂದಾಗಿ, ನಡುವೆ ಅಲ್ಪವಿರಾಮ ಹಾಕಿ, ಚೀಟಿಯಲ್ಲಿ ಬರೆದುಕೊಂಡು ತುಂಬಿದಳು. ತೆಗೆದ ಪುಟಗಳನ್ನು ಮೂಲದಿಂದ ಅಳಿಸಬೇಕೇ ಎಂಬ ಚೌಕ ಖಾಲಿಯಿದೆಯೆಂದು ಎರಡು ಸಲ ನೋಡಿದಳು. ಹೊಸ ಹೆಸರಿನಲ್ಲಿ ಉಳಿಸಿದಳು.

ಆಮೇಲೆ ತೆರೆದು ಪುಟ ತಿರುಗಿಸಿದಳು. ನಾಲ್ಕು ಮೆಮೊ ಸರಿ. ಉಳಿದ ಮೂವತ್ತೊಂಬತ್ತೂ ಭಾವನ ದೋಷ ವರದಿಗಳು, ಒಂದೊಂದು ಪುಟದ್ದು, ಟೈಪಿಸ್ಟನ ಕೈಲಿ ಬೆರಳಚ್ಚು ಮಾಡಿಸಿ ಕೊಟ್ಟವು. ಪ್ರತಿಯೊಂದರ ಕೊನೆಯಲ್ಲೂ ಅವನ ಸಹಿಯ ಕೆಳಗೆ ಅಚ್ಚಿನಲ್ಲಿ ‘ಲಿಫ್ಟ್ ಮೆಕ್ಯಾನಿಕ್’. ಅದರ ಕೆಳಗೆ ಕಚೇರಿ ಟಿಪ್ಪಣಿಯ ಜಾಗದಲ್ಲಿ ಹಸಿರು ಹುಳು. ಪದ ಹುಡುಕಿದರೆ ಬರುವುದು ಪದವಲ್ಲ, ಇಡೀ ಪುಟ, ಅದರ ಮೇಲೆ ಯಾರು ಏನೇನು ಗೀಚಿದ್ದರೋ ಎಲ್ಲ ಸಮೇತ. ಕಡತಮ್ಮನಿಗೆ ಅಳು ಬಂತು, ನಗುವೂ ಬಂತು, ಕೊನೆಗೆ ಭಯವೇ ಗೆದ್ದಿತು. ಸಾಹೇಬರು ಒಮ್ಮೆ ಇದನ್ನು ತೆರೆದು ನೋಡಿದರೆ ಸಾಕು, ಬೇರೆ ಪದ ಹಾಕು ಅನ್ನುತ್ತಾರೆ, ಭಾವನ ಕಥೆ ಅಲ್ಲಿಗೆ ಮುಗಿಯುತ್ತದೆ.

ಆದರೂ ಕೊಡದೆ ಇರುವಂತಿರಲಿಲ್ಲ. ಪ್ರಿಂಟು ತೆಗೆದು, ಟ್ಯಾಗು ಕಟ್ಟಿ, ಅವರೇ ಬರೆಸಿದ ಕವರಿಂಗ್ ಪತ್ರ ಲಗತ್ತಿಸಿ ಮೇಜಿನ ಮೇಲಿಟ್ಟಳು. ನನ್ನ ಸಮಕ್ಷಮದಲ್ಲಿ ನಾನೇ ಸೂಚಿಸಿದ ಪದವನ್ನು ಹುಡುಕಿ ತೆಗೆದ ಪುಟಗಳು, ಒಂದನ್ನೂ ಸೇರಿಸಿಲ್ಲ, ಒಂದನ್ನೂ ಬಿಟ್ಟಿಲ್ಲ ಎಂದಿತ್ತು ಅದರಲ್ಲಿ.

“ಒಂದ್ಸಲ ಪುಟ ತಿರುಗಿಸಿ ನೋಡಿ ಸರ್,” ಎಂದಳು.

ಸಾಹೇಬರು ಕಟ್ಟಿನ ದಪ್ಪವನ್ನು ಹೆಬ್ಬೆರಳಿನಲ್ಲಿ ಅಳೆದು ಸಂತೋಷಪಟ್ಟರು. ಪತ್ರಕ್ಕೆ ಉದ್ದ ಬಾಲದ ಸಹಿ ಎಳೆದರು.

“ನೋಡೋಣ,” ಎಂದರು.

ಸಮಿತಿ ಬಂತು. ಗೋಡೆಯ ಪರದೆಯ ಮೇಲೆ ಪಿಡಿಎಫ್ ತೆರೆದು ಪುಟ ತಿರುಗಿಸುವ ಕೆಲಸವೂ ಕಡತಮ್ಮನದೇ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅಧ್ಯಕ್ಷೆ ವಯಸ್ಸಾದ ಎಂಜಿನಿಯರು, ಕನ್ನಡಕವನ್ನು ಹಣೆಗೇರಿಸಿ ಪರದೆ ನೋಡುವ ಹೆಂಗಸು. ಮೊದಲ ಪುಟ ಬಂತು: ಬಾಗಿಲಿನ ಸೆನ್ಸರ್ ಕೆಟ್ಟಿದೆ. ಕೆಳಗೆ ಹಸಿರಿನಲ್ಲಿ ಏನದು ಎಂದು ಆಕೆ ಕೇಳಿದರು. ಮಾಮೂಲಿ ಟಿಪ್ಪಣಿ ಮೇಡಂ ಎಂದರು ಸಾಹೇಬರು, ಮುಖದ ಮೇಲೆ ಆಗಲೇ ಒಂದು ಹನಿ ಬೆವರು. ಎರಡನೇ ಪುಟ, ಅದೇ ಹಸಿರು. ಮೂರನೆಯದು, ಅದೇ. ಒಂದು ಪುಟದಲ್ಲಿ ಆ ಬರಹ ಬ್ರಹ್ಮನಿಗೂ ಅರ್ಥವಾಗದು. ಆದರೆ ಸಾಲಾಗಿ ಎಂಟು ಪುಟ ನೋಡಿದರೆ ಎಂಥವರಿಗೂ ಅಕ್ಷರ ಕೂಡಿಬರುತ್ತದೆ. ಒಂಬತ್ತನೇ ಪುಟಕ್ಕೆ ಸಮಿತಿಯ ಕಿರಿಯ ಸದಸ್ಯ ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿಬಿಟ್ಟ: ನೋಡೋಣ.

ಅಲ್ಲಿಂದ ಮುಂದೆ ಯಾರೂ ಓದಿಕೊಡಬೇಕಾಗಲಿಲ್ಲ. ಬ್ರೇಕ್ ಲೈನಿಂಗ್ ಸವೆದಿದೆ: ನೋಡೋಣ. ಲಿಫ್ಟು ಮಹಡಿಗೆ ಸರಿಯಾಗಿ ನಿಲ್ಲದೆ ನಾಲ್ಕು ಬೆರಳು ಕೆಳಗೆ ಜಾರುತ್ತಿದೆ: ನೋಡೋಣ. ನಡುವೆ ಮೆಮೊಗಳೂ ಬಂದವು. ಟೋಪಿ ಹಾಕಿಲ್ಲವೆಂದು ಒಂದು, ತಡವಾಗಿ ಬಂದನೆಂದು ಎರಡು. ನಾಲ್ಕನೆಯದನ್ನು ಅಧ್ಯಕ್ಷೆ ಎರಡು ಸಲ ಓದಿದರು: ಲಿಫ್ಟ್ ಮೆಕ್ಯಾನಿಕ್ ಪದೇ ಪದೇ ವರದಿ ಬರೆದು ಕಚೇರಿಯ ಸಮಯ ಹಾಳುಮಾಡುತ್ತಿರುವುದರಿಂದ ಎಚ್ಚರಿಕೆ ನೀಡಲಾಗಿದೆ. ಕೊನೆಯ ಪುಟಕ್ಕೆ ಅಪಘಾತದ ಒಂಬತ್ತು ದಿನ ಹಿಂದಿನ ತಾರೀಖು. ದಯವಿಟ್ಟು ಲಿಫ್ಟು ನಿಲ್ಲಿಸಲು ಅಪ್ಪಣೆ ಕೊಡಿ, ಒಳಗಿದ್ದವರಿಗೆ ಅಪಾಯವಿದೆ. ನೋಡೋಣ.

ಬಾಗಿಲ ಹತ್ತಿರದಿಂದ ಭಾವ ಯಾರಿಗೂ ಅಲ್ಲದಂತೆ ಕೇಳಿದ:

“ಇಷ್ಟು ಸಲ ಬರೆದಿದ್ನಾ ನಾನು?”

ಕಡತಮ್ಮ ತಲೆಯಾಡಿಸಿದಳು. ಮೂರು ವಾರದಿಂದ ಬಗ್ಗಿದ್ದ ಅವನ ಬೆನ್ನು ಕುರ್ಚಿಗೆ ಒರಗಿದ್ದನ್ನು ನೋಡಿ ಅವಳ ಕಣ್ಣು ತುಂಬಿಬಂತು, ಒರೆಸಿಕೊಳ್ಳಲೂ ನಾಚಿಕೆಪಡಲಿಲ್ಲ.

ಸಾಹೇಬರು ಎದ್ದು, ಇದು ಬೇಕೆಂದೇ ಆರಿಸಿದ ಪುಟಗಳು, ಈಕೆ ಅವನ ನಾದಿನಿ ಎಂದು ಕೂಗಾಡಿದರು. ಅಧ್ಯಕ್ಷೆ ಕವರಿಂಗ್ ಪತ್ರವನ್ನು ಅವರ ಕಡೆ ತಿರುಗಿಸಿ, ಈ ಸಹಿ ಯಾರದ್ದು ಎಂದಷ್ಟೇ ಕೇಳಿದರು. ಬಾಲ ಉದ್ದವಿತ್ತು, ಅಲ್ಲಗಳೆಯುವಂತಿರಲಿಲ್ಲ. ಅಮಾನತು ಅಲ್ಲೇ ರದ್ದಾಯಿತು. ಸಾಹೇಬರು ನಾಳೆ ಹತ್ತು ಗಂಟೆಯೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದಾಯಿತು.

ಸಂಜೆ ಅವರೇ ನೆಲಮಾಳಿಗೆಗೆ ಇಳಿದು ಬಂದರು, ಮೆಟ್ಟಿಲಲ್ಲಿ. ದನಿ ತಗ್ಗಿತ್ತು. ಸಾವಿರದ ಮುನ್ನೂರು ಪುಟದಲ್ಲಿ ತಾವು ಮಾಡಿದ ಕೆಲಸಗಳೂ ಇರುತ್ತವಲ್ಲ, ಆ ಪುಟಗಳನ್ನಷ್ಟೇ ತೆಗೆದು ಇನ್ನೊಂದು ಪಿಡಿಎಫ್ ಮಾಡಿಕೊಡಮ್ಮಾ ಎಂದರು.

ಕಡತಮ್ಮ ಮೂಲ ಕಡತ ತೆರೆದಳು. ಹುಡುಕುವ ಜಾಗದಲ್ಲಿ ಕರ್ಸರ್ ಇಟ್ಟಳು.

“ಯಾವ ಪದ ಹಾಕ್ಲಿ ಸರ್?”

ಸಾಹೇಬರು ಬಾಯಿ ತೆರೆದರು. ಪರದೆ ನೋಡಿದರು, ಚಾವಣಿ ನೋಡಿದರು, ಬಾಯಿ ಮುಚ್ಚಿದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತ ಕೂತಳು.