ರೂಟರಿಗೆ ಆಯುಧಪೂಜೆ

ಊರವರ ಇಂಟರ್ನೆಟ್ ಸರಿಮಾಡುವುದು ರಮಿತಾಳ ಕೆಲಸ. ಅವಳ ಮನೆಯದೇ ದಿನಾ ಮಧ್ಯಾಹ್ನ ಕೈಕೊಡುತ್ತಿತ್ತು. ಮಹಾಪೆಯ ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಗ್ರಾಹಕ ಸೇವೆಗೆ ಸೇರಿದ್ದ ಅವಳು ಘಣಸೋಲಿಯ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು, "ರೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ಸರ್" ಎನ್ನುತ್ತಿದ್ದಳು. ಅಷ್ಟರಲ್ಲಿ ಅವಳದೇ ರೂಟರ್ ಬಂದ್ ಆಗಿ ಚಾಲೂ ಆಗುತ್ತಿತ್ತು. ಆ ಮನೆಯಲ್ಲಿ ಅವಳ ಮಾತು ಕೇಳುತ್ತಿದ್ದುದು ಅದೊಂದೇ.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗ್ರಾಹಕರು ಕೊಡುವ ಅಂಕ ನೋಡಿ ತಿಂಗಳ ಕೊನೆಗೆ ಮೇಲಧಿಕಾರಿ ಶ್ರದ್ಧಾ ತೀರ್ಮಾನಿಸಬೇಕು. ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಪ್ಪ ದೇಜಪ್ಪನಂತೂ ಮಗಳು ಆಗಲೇ ಆಫೀಸರ್ ಆದಳೆಂದು ಬಂದವರಿಗೆಲ್ಲ ಸಾರಿಬಿಟ್ಟಿದ್ದ. ಇತ್ತ ದಿನಾ ಕರೆಗಳು ಅರ್ಧಕ್ಕೇ ಕಡಿಯುತ್ತಿದ್ದವು. ರಮಿತಾಳಿಗೆ ಊಟ ರುಚಿಸುತ್ತಿರಲಿಲ್ಲ.

ಕೊನೆಗೊಂದು ರಜೆಯ ದಿನ ಸ್ಟೂಲ್ ಹತ್ತಿ ದೇವರ ಸ್ಟ್ಯಾಂಡ್ ನೋಡಿದಳು. ರೂಟರ್ ಇದ್ದದ್ದು ಅಲ್ಲೇ. ದಸರೆಗೆ ಅಮ್ಮ ನಳಿನಾಕ್ಷಿ ಮಿಕ್ಸಿ, ಟೀವಿ, ರೂಟರ್ ಎಲ್ಲದರ ವಯರು ಕಿತ್ತು, ಒರೆಸಿ, ಗಂಧ ಕುಂಕುಮ ಹಚ್ಚಿ ಭಕ್ತಿಯಿಂದ ಪೂಜೆ ಮಾಡಿದ್ದಳು. ಗಾಳಿಯಾಡುವ ಸಂದುಗಳಲ್ಲಿ ಗಂಧ ಒಣಗಿ ಕೂತಿತ್ತು. ಮೇಲೊಂದು ಕಸೂತಿ ಬಟ್ಟೆ. ಮುಟ್ಟಿದರೆ ದೋಸೆ ಕಾವಲಿಯ ಹಾಗೆ ಬಿಸಿ.

"ಅಮ್ಮ, ಈ ಎರಡು ಅಡಾಪ್ಟರ್‌ನಲ್ಲಿ ಯಾವುದು ಯಾವುದರದ್ದು?"

"ಒಂದು ದೇವರ ಲೈಟಿಂದು, ಒಂದು ಅದರದ್ದು. ಎರಡೂ ಕಪ್ಪು, ಪಿನ್ನೂ ಸರಿಯಾಗಿ ಹೋಗ್ತದೆ. ಯಾವುದು ಹಾಕಿದ್ರೆ ಎಂತ ಮಾರಾಯ್ತಿ?"

ಪೂಜೆ ಮುಗಿಸಿ ಅಮ್ಮ ಅವನ್ನು ಅದಲುಬದಲಾಗಿ ಸಿಕ್ಕಿಸಿದ್ದಳು. ಎರಡೂ ಹನ್ನೆರಡು ವೋಲ್ಟಿನವೇ. ಆದರೆ ರೂಟರಿಗೆ ಒಂದೂವರೆ ಆಂಪಿಯರ್ ಬೇಕು, ದೀಪದ ಅಡಾಪ್ಟರ್ ಕೊಡುವುದು ಅರ್ಧ. ಕೆಲಸ ಹೆಚ್ಚಾದೊಡನೆ ವೋಲ್ಟೇಜ್ ಕುಸಿದು ರೂಟರ್ ಸೋಲುತ್ತಿತ್ತು. ದೇವರ ಪುಟ್ಟ ದೀಪ ಮಾತ್ರ ಬೇಡದಷ್ಟು ಶಕ್ತಿಯ ಬೆನ್ನಿಗೆ ಒರಗಿ ಆರಾಮವಾಗಿ ಬೆಳಗುತ್ತಿತ್ತು.

ರಮಿತಾ ಅಡಾಪ್ಟರ್ ಅದಲುಬದಲು ಮಾಡಿ, ಗಂಧ ಕೆರೆದು, ರೂಟರನ್ನು ಗಾಳಿಯಾಡುವ ಕಪಾಟಿನ ಮೇಲಿಟ್ಟಳು. ಆದರೂ ಮಾರನೆಯ ಸಂಜೆ ಅದು ಮತ್ತೆ ಮಲಗಿ ಎದ್ದಿತು. ಮೈ ತಣ್ಣಗಿದ್ದರೂ ಯಾಕೆಂದು ಅದರ ಸೆಟ್ಟಿಂಗ್ ಪುಟ ತೆರೆದು ನೋಡುತ್ತಾ ಹೋದಳು. ಬೆಳಿಗ್ಗೆ ಧಾರಾಳ ಖಾಲಿಯಿದ್ದ ಮೆಮೊರಿ ಮಧ್ಯಾಹ್ನಕ್ಕೆ ತುಂಬುತ್ತಾ ಬಂದು, ಸಂಜೆಗೆ ಜಾಗವೇ ಇರುತ್ತಿರಲಿಲ್ಲ. ರೂಟರನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಬಳಸಿದ ಜಾಗವನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ಮೊದಲು ಕನೆಕ್ಷನ್‌ಗಳು ಕಡಿಯುವುದು, ಆಮೇಲೆ ರೂಟರೇ ರೀಬೂಟ್ ಆಗುವುದು. ಇದನ್ನು ಸರಿಪಡಿಸಿದ ಹೊಸ ಫರ್ಮ್‌ವೇರ್ ಕಂಪನಿಯ ಸೈಟಿನಲ್ಲೇ ಇತ್ತು. ಆದರೆ ಗ್ರಾಹಕರಿಗೆ ಹೇಳಲೆಂದು ಸಿಬ್ಬಂದಿಗೆ ಕೊಟ್ಟ ಉತ್ತರಗಳಲ್ಲಿ ಅದರ ಸುದ್ದಿಯೇ ಇಲ್ಲ. ಬಂದ್ ಮಾಡಿ ಚಾಲೂ ಮಾಡಿದರೆ ಮೆಮೊರಿ ಖಾಲಿಯಾಗಿ ಅಂದಿನ ಮಟ್ಟಿಗೆ ಸರಿಹೋಗುತ್ತದೆ, ಗ್ರಾಹಕ ಕರೆ ಮುಗಿದ ಮೇಲೆ ಬರುವ ಮೆಸೇಜಿಗೆ ಖುಷಿಯಿಂದ ಐದಕ್ಕೆ ಐದು ಅಂಕ ಕೊಡುತ್ತಾನೆ. ನಾಳೆ ಅವನ ಬೈಗುಳ ಬೇರೊಬ್ಬರ ಪಾಲು.

ರಮಿತಾ ಹೊಸ ಫರ್ಮ್‌ವೇರ್ ಹಾಕಿದಳು. ಅದು ಮುಗಿಯುವ ತನಕ ಅಮ್ಮ ಸ್ವಿಚ್ ಮುಟ್ಟದಂತೆ ತಾನೇ ಕಾವಲು ನಿಂತಳು. ಆ ಮೇಲೆ ಒಂದು ಕರೆಯೂ ಕಡಿಯಲಿಲ್ಲ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

ಅದೇ ಹುರುಪಿನಲ್ಲಿ, ಅಂಥದೇ ರೂಟರಿದ್ದ ಡೊಂಬಿವಲಿಯ ಮುದುಕರೊಬ್ಬರಿಗೆ ಹೊಸ ಫರ್ಮ್‌ವೇರ್ ಹಾಕುವುದನ್ನು ತಾಳ್ಮೆಯಿಂದ ಹೇಳಿಕೊಟ್ಟಳು. ಎಲ್ಲ ಮುಗಿದ ಮೇಲೆ ಅವರು, "ಅಂದರೆ ನಿಮಗೆಲ್ಲ ಗೊತ್ತಿತ್ತು. ಮತ್ತೆ ಇಷ್ಟು ದಿನ ಬಂದ್ ಮಾಡಿ ಚಾಲೂ ಮಾಡಿ ಅಂತ ಯಾಕೆ ಆಟ ಆಡಿಸಿದಿರಿ?" ಎಂದು ಕೇಳಿ, ಒಂದು ಅಂಕ ಒತ್ತಿದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಗುರುವಾರ, ಮರಾಠಿ ಬೆರೆಸಿ ಮಾತಾಡುವ ಶ್ರದ್ಧಾಳ ಫೋನ್ ಬಂತು.

"ಅಗಂ ರಮಿತಾ, ಏನಾಯ್ತು ನಿನಗೆ? ಇಡೀ ತಂಡದಲ್ಲಿ ನಿನ್ನ ರೇಟಿಂಗೇ ಮೇಲಿತ್ತು. ಕಾಯಂ ಮಾಡೋರ ಪಟ್ಟಿಯಲ್ಲಿ ಮೊದಲ ಹೆಸರೇ ನಿನ್ನದು ಬರೆದಿದ್ದೆ. ಈ ವಾರ ಬರೀ ಒಂದು, ಎರಡು."

"ಮೇಡಂ, ಮೊದಲು ನನ್ನ ಕರೆ ಮಧ್ಯದಲ್ಲೇ ಕಡಿಯುತ್ತಿತ್ತು. ಈಗ ಸರಿಯಾಗಿದೆ."

ಕಡಿದುಹೋದ ಕರೆಗೆ ಅಂಕ ಕೇಳುವ ಮೆಸೇಜ್ ಹೋಗುವುದಿಲ್ಲ, ಬೈಯುವವರ ಕರೆಯೇ ಉದ್ದವಾಗುವುದು, ಉದ್ದವಾದದ್ದೇ ಕಡಿಯುತ್ತಿದ್ದುದು, ಈಗ ಅವರೂ ಅಂಕ ಒತ್ತುತ್ತಿದ್ದಾರೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

"ಹೇಗೆ ಅಂತ ನಾನು ಕೇಳಲ್ಲ. ತಿಂಗಳ ಕೊನೆಯೊಳಗೆ ರೇಟಿಂಗ್ ಮೊದಲಿನ ಹಾಗೆ ಆಗಬೇಕು" ಎಂದು ಫೋನಿಟ್ಟಳು.

ರಮಿತಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಕಪಾಟಿನ ಮೇಲೆ ರೂಟರ್ ತಣ್ಣಗೆ ಮಿನುಗುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅಮ್ಮ, ನಾಳೆ ಶುಕ್ರವಾರ ಅಲ್ವಾ? ರೂಟರಿಗೆ ದಸರೆಗೆ ಮಾಡಿದ ಹಾಗೇ ಇನ್ನೊಮ್ಮೆ ಪೂಜೆ ಮಾಡ್ತೀಯಾ?"